ಪರೀಕ್ಷೆಯಲ್ಲಿ ಪಾಸ್, ಹುಡುಕಾಟದಲ್ಲಿ ಫೇಲ್: ‘ನುಡಿ’ ಕಾಲದ ಕಡತಗಳಿಗೆ ಪಿಡಿಎಫ್/ಎ

ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿಗಳಲ್ಲಿ ಗೃಹ ನಿರ್ಮಾಣ ಸಹಕಾರ ಸಂಘಗಳು, ಶಾಲೆಗಳು, ದೇವಸ್ಥಾನ ಸಮಿತಿಗಳು, ಕನ್ನಡ ಸಂಘಗಳು ಲೆಕ್ಕವಿಲ್ಲದಷ್ಟಿವೆ. ಎರಡು ದಶಕದ ಹಿಂದೆ ಇವುಗಳ ವಾರ್ಷಿಕ ವರದಿ, ಸದಸ್ಯರ ಪಟ್ಟಿ, ಸಭಾ ನಡಾವಳಿಗಳೆಲ್ಲ ಪಕ್ಕದ ರಸ್ತೆಯ ಡಿಟಿಪಿ ಅಂಗಡಿಯಲ್ಲಿ ‘ನುಡಿ’ ಅಥವಾ ‘ಬರಹ’ದಲ್ಲಿ ಟೈಪ್ ಆಗುತ್ತಿದ್ದವು. ಆ ಕಡತವನ್ನು ಈಗ ಮೊಬೈಲಿನಲ್ಲಿ ತೆರೆದರೆ ‘ಕನ್ನಡ’ ಎಂದಿರಬೇಕಾದ ಕಡೆ `PÀ£ÀßqÀ` ಎಂದು ಕಾಣುತ್ತದೆ. ಕಡತವೇನೂ ಕೆಟ್ಟಿಲ್ಲ. ಅದನ್ನು ಓದಲು ಬೇಕಾದ ಫಾಂಟ್ ಅದರ ಜೊತೆಯಲ್ಲಿಲ್ಲ, ಅಷ್ಟೇ.

ಇಂಥ ತೊಂದರೆ ಬರಬಾರದೆಂದೇ ಹುಟ್ಟಿದ್ದು ಪಿಡಿಎಫ್/ಎ. ದಾಖಲೆಗಳನ್ನು ಬಹುಕಾಲ ಕಾಪಿಡುವುದಕ್ಕಾಗಿ ಅಂತರರಾಷ್ಟ್ರೀಯ ಮಾನಕ ಸಂಸ್ಥೆ ಐಎಸ್‌ಒ 2005ರಲ್ಲಿ ಪ್ರಕಟಿಸಿದ 19005 ಸಂಖ್ಯೆಯ ಮಾನಕವಿದು. 2011, 2012 ಮತ್ತು 2020ರಲ್ಲಿ ಇದರ ಮುಂದಿನ ಭಾಗಗಳು ಬಂದವು. ನಮ್ಮ ಕೇಂದ್ರ ಸರ್ಕಾರ 2013ರಲ್ಲಿ ಹೊರಡಿಸಿದ ಇ-ದಾಖಲೆ ಸಂರಕ್ಷಣೆಯ ಮಾರ್ಗಸೂಚಿಗಳೂ ಇದನ್ನೇ ಸೂಚಿಸುತ್ತವೆ. ಆದರೆ ಕನ್ನಡದ ಹಳೆಯ ಕಡತಗಳ ಮಟ್ಟಿಗೆ ಈ ಮಾನಕ ಅರ್ಧ ಕೆಲಸವನ್ನಷ್ಟೇ ಮಾಡುತ್ತದೆ. ಉಳಿದರ್ಧ ನಮ್ಮ ಕೈಯಲ್ಲಿದೆ.

ಬುತ್ತಿ ಕಟ್ಟಿಕೊಂಡ ಕಡತ

ಮಾನಕದ ನಿಯಮಗಳು ಹತ್ತಾರು ಇದ್ದರೂ ಅವುಗಳ ಹಿಂದಿರುವ ಯೋಚನೆ ಒಂದೇ: ಕಡತವು ಹೊರಗಿನ ಯಾವುದನ್ನೂ ನೆಚ್ಚಿಕೊಂಡಿರಬಾರದು. ದೂರದ ಊರಿಗೆ ಹೊರಟವರು ಬುತ್ತಿ ಕಟ್ಟಿಕೊಂಡು ಹೋದ ಹಾಗೆ, ತನ್ನನ್ನು ತೋರಿಸಲು ಬೇಕಾದದ್ದೆಲ್ಲವನ್ನೂ ಅದು ತನ್ನೊಳಗೇ ಇಟ್ಟುಕೊಂಡಿರಬೇಕು.

ಮೊದಲನೆಯದು ಫಾಂಟ್. ಪುಟದ ಮೇಲೆ ಕಾಣುವ ಪ್ರತಿ ಅಕ್ಷರದ ಆಕಾರವೂ ಕಡತದೊಳಗೆ ಅಡಕವಾಗಿರಬೇಕು. ಇಡೀ ಫಾಂಟ್ ಬೇಕಿಲ್ಲ, ಬಳಕೆಯಾದ ಅಕ್ಷರಗಳಷ್ಟಿದ್ದರೆ ಸಾಕು. ಎರಡನೆಯದು ಬಣ್ಣ. ‘ಕೆಂಪು’ ಎಂದರೆ ಯಾವ ಕೆಂಪು ಎಂದು ಹೇಳುವ ಐಸಿಸಿ ಪ್ರೊಫೈಲ್ ಒಳಗಿರಬೇಕು, ಇಲ್ಲದಿದ್ದರೆ ನಾಳಿನ ಪರದೆ ಅದನ್ನು ಬೇರೆ ಬಣ್ಣವಾಗಿ ತೋರಿಸಬಹುದು. ಮೂರನೆಯದು ಕಡತದ ಗುರುತು: ತಾನು ಪಿಡಿಎಫ್/ಎ ಎಂದೂ ಅದರ ಯಾವ ಭಾಗ, ಯಾವ ಮಟ್ಟಕ್ಕೆ ಸೇರಿದ್ದೆಂದೂ ಹೇಳುವ ಒಂದು ಟಿಪ್ಪಣಿ ಒಳಗೆ ಇರಬೇಕು.

ಇರಬಾರದವುಗಳಲ್ಲಿ ಮುಖ್ಯವಾದದ್ದು ಪಾಸ್‌ವರ್ಡ್. ಪಾಸ್‌ವರ್ಡ್ ಕೇಳುವ ಇ-ಆಧಾರ್ ಆಗಲಿ, ಬ್ಯಾಂಕಿನ ಸ್ಟೇಟ್‌ಮೆಂಟ್ ಆಗಲಿ ಇದ್ದ ಹಾಗೆಯೇ ಪಿಡಿಎಫ್/ಎ ಆಗಲಾರವು. ಒಳಗಿನಿಂದ ಓಡುವ ಜಾವಾಸ್ಕ್ರಿಪ್ಟ್, ಧ್ವನಿ, ವಿಡಿಯೊಗಳಿಗೂ ಜಾಗವಿಲ್ಲ.

ಮಟ್ಟಗಳ ವಿಷಯದಲ್ಲಿ ಇಷ್ಟು ತಿಳಿದಿದ್ದರೆ ಸಾಕು. ‘ಬಿ’ ಮಟ್ಟ ಪುಟದ ನೋಟವನ್ನು ಮಾತ್ರ ಕಾಯುತ್ತದೆ. ‘ಯು’ ಮಟ್ಟದಲ್ಲಿ ಪ್ರತಿ ಅಕ್ಷರಕ್ಕೂ ಒಂದು ಯೂನಿಕೋಡ್ ಸಂಕೇತ ಇರಬೇಕು. ‘ಎ’ ಮಟ್ಟ ಇದರ ಮೇಲೆ ಶೀರ್ಷಿಕೆ, ಪ್ಯಾರಾ, ಕೋಷ್ಟಕಗಳ ರಚನೆಯನ್ನೂ ಕೇಳುತ್ತದೆ. ಮನೆ ಮತ್ತು ಸಂಘದ ಕಾಗದಗಳಿಗೆ 2011ರ ಎರಡನೇ ಭಾಗದ ‘ಬಿ’ ಮಟ್ಟ, ಅಂದರೆ 2ಬಿ, ಧಾರಾಳವಾಯಿತು.

ನುಡಿಯಲ್ಲಿ ಅಡಗಿರುವ ತೊಡಕು

ಕನ್ನಡ ಗಣಕ ಪರಿಷತ್ತು ರೂಪಿಸಿದ ‘ನುಡಿ’ ಬಳಕೆಗೆ ಬಂದಾಗ ಕನ್ನಡದ ಯೂನಿಕೋಡ್ ನಮ್ಮ ಕಂಪ್ಯೂಟರುಗಳಲ್ಲಿ ಸರಿಯಾಗಿ ನೆಲೆಯೂರಿರಲಿಲ್ಲ. ಹಾಗಾಗಿ ಇಂಗ್ಲಿಷ್ ಮತ್ತಿತರ ಲ್ಯಾಟಿನ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಲಾಯಿತು. `P` ಇರಬೇಕಾದ ಕಡೆ ‘ಕ’ದ ಮೈ, `À` ಇರಬೇಕಾದ ಕಡೆ ತಲಕಟ್ಟು. ಕಣ್ಣಿಗೆ ಕಾಣುವುದು ‘ವರದಿ’, ಕಂಪ್ಯೂಟರು ಬಲ್ಲದ್ದು `ªÀgÀ¢`.

ಇಂಥ ವರದಿಯನ್ನು ನುಡಿ ಫಾಂಟ್ ಇರುವ ಕಂಪ್ಯೂಟರಿನಲ್ಲಿ ಪಿಡಿಎಫ್/ಎ ಮಾಡಿದರೆ ಫಾಂಟ್ ಒಳಗೆ ಸೇರುತ್ತದೆ, ನೋಟ ಉಳಿಯುತ್ತದೆ. ತಪಾಸಣಾ ತಂತ್ರಾಂಶವೂ ಪಾಸ್ ಎನ್ನುತ್ತದೆ. ‘ಯು’ ಮಟ್ಟದಲ್ಲೂ ಪಾಸಾಗಬಹುದು. ಏಕೆಂದರೆ ಪ್ರತಿ ಅಕ್ಷರಕ್ಕೂ ಯೂನಿಕೋಡ್ ಸಂಕೇತ ಇದ್ದೇ ಇದೆ, ಆದರೆ ಅದು ಲ್ಯಾಟಿನ್ ಅಕ್ಷರದ್ದು. ಸಂಕೇತ ಇದೆಯೇ ಎಂದು ಮಾನಕ ನೋಡುತ್ತದೆ, ಅದು ಕನ್ನಡದ್ದೇ ಎಂದು ಕೇಳುವುದಿಲ್ಲ. ನಾಳೆ ಯಾರಾದರೂ ‘ನಿವೇಶನ’ ಎಂದು ಹುಡುಕಿದರೆ ಆ ಪದ ಹತ್ತು ಕಡೆ ಇದ್ದರೂ ಒಂದೂ ಸಿಗುವುದಿಲ್ಲ.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಫಾಂಟ್ ಅಡಕವಾಗಿರದ ಹಳೆಯ ಪಿಡಿಎಫ್ ಅನ್ನು ನುಡಿ ಇಲ್ಲದ ಕಂಪ್ಯೂಟರಿನಲ್ಲಿ ಪರಿವರ್ತಿಸಿದರೆ, ತಂತ್ರಾಂಶ ಬೇರೊಂದು ಇಂಗ್ಲಿಷ್ ಫಾಂಟನ್ನು ತಂದು ಅದನ್ನೇ ಒಳಗೆ ಕೂರಿಸುತ್ತದೆ. ಆಗ `ªÀgÀ¢` ಎಂಬುದೇ ಶಾಶ್ವತವಾಗಿ ಅಚ್ಚಾಗುತ್ತದೆ. ತಪಾಸಣೆಯಲ್ಲಿ ಅದೂ ಪಾಸ್! ಆದ್ದರಿಂದ ಪರಿವರ್ತನೆಗೆ ಮೊದಲು ಅಡೋಬಿ ರೀಡರಿನಲ್ಲಿ `Ctrl+D` ಒತ್ತಿ `Fonts` ಪುಟ ನೋಡಬೇಕು. ಫಾಂಟ್ ಹೆಸರಿನ ಮುಂದೆ `Embedded` ಅಥವಾ `Embedded Subset` ಎಂದಿದ್ದರೆ ಸರಿ. ಬರೀ ಹೆಸರಿದ್ದರೆ ಆ ಕಡತದ ಕೆಲಸ ನುಡಿ ಇರುವ ಕಂಪ್ಯೂಟರಿನಲ್ಲೇ ಆಗಬೇಕು.

ಆ ಪುಟದಲ್ಲಿ ಒಂದು ಫಾಂಟೂ ಕಾಣಿಸದಿದ್ದರೆ ಅದು ಸ್ಕ್ಯಾನ್ ಪ್ರತಿ ಇರಬೇಕು, ಇಲ್ಲವೇ ಡಿಟಿಪಿಯವರು ಕೋರಲ್‌ಡ್ರಾದಲ್ಲಿ ಅಕ್ಷರಗಳನ್ನು ‘ಕರ್ವ್ಸ್’ ಮಾಡಿ ಕಳುಹಿಸಿರಬೇಕು. ಪ್ರೆಸ್ಸಿಗೆ ಅದು ಅನುಕೂಲ. ಆದರೆ ಅಲ್ಲಿ ಅಕ್ಷರಗಳೇ ಇಲ್ಲ, ಬರೀ ಗೆರೆಗಳಿವೆ.

ಒಂದು ವರದಿ, ಎರಡು ದಾರಿ

ಒಂದು ಸಹಕಾರ ಸಂಘದ 2004ರ ವಾರ್ಷಿಕ ವರದಿ ನಮ್ಮ ಮುಂದಿದೆ ಎಂದಿಟ್ಟುಕೊಳ್ಳೋಣ. ಇಪ್ಪತ್ತು ಪುಟ, ನುಡಿಯಲ್ಲಿ ಟೈಪ್ ಆದದ್ದು.

ಮೂಲ ವರ್ಡ್ ಕಡತ ಸಿಕ್ಕರೆ ಅದೇ ಒಳ್ಳೆಯ ದಾರಿ. ನುಡಿಯಿಂದ ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಪಠ್ಯವನ್ನು ಅದರಲ್ಲಿ ಹಾಯಿಸಿ, ಯೂನಿಕೋಡ್ ಫಾಂಟ್ ಕೊಟ್ಟು, ಮುದ್ರಿತ ಪ್ರತಿಯೊಡನೆ ಒಮ್ಮೆ ಹೋಲಿಸಿ ನೋಡಬೇಕು. ವರದಿಯ ನಡುವೆ ಇಂಗ್ಲಿಷ್ ಪದಗಳಿದ್ದರೆ ಅವನ್ನೂ ಪರಿವರ್ತಕ ನುಡಿಯೆಂದೇ ತಿಳಿದು ಕನ್ನಡದ ಚೂರುಗಳಾಗಿಸುವುದುಂಟು. ಹಾಗಾಗಿ ಹೆಸರು, ಇನಿಷಿಯಲ್, ವಿಳಾಸಗಳ ಮೇಲೆ ಹೆಚ್ಚು ಕಣ್ಣಿಡಬೇಕು. ಆಮೇಲೆ ಲಿಬ್ರೆಆಫೀಸ್ ರೈಟರಿನಲ್ಲಿ `File`, `Export As`, `Export as PDF` ಎಂದು ಹೋಗಿ, `General` ಪುಟದಲ್ಲಿ `PDF/A` ಎಂದಿರುವ ಚೌಕಕ್ಕೆ ಟಿಕ್ ಹಾಕಿ `PDF/A-2b` ಆರಿಸಿದರೆ ಆಯಿತು. ಮೈಕ್ರೋಸಾಫ್ಟ್ ವರ್ಡ್ ಬಳಸುವವರು ಪಿಡಿಎಫ್ ಆಗಿ ಉಳಿಸುವಾಗ `Options` ಒತ್ತಿದರೆ ಕೆಳಗೆ `PDF/A compliant` ಎಂಬ ಚೌಕ ಸಿಗುತ್ತದೆ.

ಮೂಲ ಕಡತ ಸಿಗದೆ ಪಿಡಿಎಫ್ ಮಾತ್ರ ಉಳಿದಿದ್ದರೆ, ಅದು ಪರದೆಯ ಮೇಲೆ ಸರಿಯಾಗಿ ಕಾಣುತ್ತಿದ್ದರೆ, ಎರಡನೇ ದಾರಿ ಇದೆ. ಪ್ರತಿ ಪುಟವನ್ನೂ ಚಿತ್ರವಾಗಿಸಿ, ಆ ಚಿತ್ರದಲ್ಲಿನ ಕನ್ನಡವನ್ನು ಓಸಿಆರ್‌ನಿಂದ ಓದಿಸಿ, ಓದಿದ್ದನ್ನು ಕಣ್ಣಿಗೆ ಕಾಣದ ಯೂನಿಕೋಡ್ ಪದರವಾಗಿ ಹಿಂದೆ ಇಡುವುದು. ಓಸಿಆರ್‌ಮೈಪಿಡಿಎಫ್ ಎಂಬ ಉಚಿತ ತಂತ್ರಾಂಶ ಇದನ್ನು ಮಾಡಿ ಫಲಿತವನ್ನು ಪಿಡಿಎಫ್/ಎ ರೂಪದಲ್ಲೇ ಕೊಡುತ್ತದೆ. ಉಬುಂಟುವಿನಲ್ಲಿ ಹೀಗೆ:

```
sudo apt install ocrmypdf tesseract-ocr-kan
ocrmypdf --force-ocr -l kan+eng --output-type pdfa-2 varadi-2004.pdf varadi-2004-a.pdf
```

`--force-ocr` ಎಂದರೆ ಒಳಗಿರುವ ಹಳೆಯ ಪಠ್ಯವನ್ನು ಬಿಟ್ಟು ಹೊಸದಾಗಿ ಓದು ಎಂದು. ನುಡಿಯ ಕಡತಕ್ಕೆ ಬೇಕಾದದ್ದೇ ಅದು, ಯಾಕೆಂದರೆ ಹೋಗಬೇಕಾದದ್ದು ಆ ಲ್ಯಾಟಿನ್ ಪದರವೇ. ಕರ್ವ್ಸ್ ಆದ ಕಡತಕ್ಕೂ ಇದೇ ಮದ್ದು. ಕಾಗದದಿಂದ ಸ್ಕ್ಯಾನ್ ಮಾಡಿದ್ದಾದರೆ `--force-ocr` ಬದಲು `--deskew` ಹಾಕಿದರೆ ಸೊಟ್ಟ ಪುಟ ನೆಟ್ಟಗಾಗುತ್ತದೆ. ಸ್ಕ್ಯಾನ್ 300 ಡಿಪಿಐಗಿಂತ ಕಡಿಮೆ ಇದ್ದರೆ ಒತ್ತಕ್ಷರಗಳು ಕಲಸಿಹೋಗುತ್ತವೆ.

ಈ ದಾರಿಗೆ ಬೆಲೆಯೂ ಇದೆ. ಕಡತದ ಗಾತ್ರ ಹಿಗ್ಗುತ್ತದೆ, ಜೂಮ್ ಮಾಡಿದರೆ ಅಕ್ಷರದ ಅಂಚು ಮಸುಕಾಗುತ್ತದೆ, ಓಸಿಆರ್ ಅಲ್ಲಲ್ಲಿ ತಪ್ಪು ಓದುತ್ತದೆ. ಆದರೆ ತಪ್ಪು ಓದಿದ್ದು ಹಿಂದಿನ ಪದರದಲ್ಲಿ ಮಾತ್ರ. ಮುಂದೆ ಕಾಣುವ ಪುಟ ಮೂಲದ ಚಿತ್ರವೇ ಆಗಿರುತ್ತದೆ.

ತಪಾಸಣೆ ಮೂರು ಹಂತದಲ್ಲಿ

ಅಡೋಬಿ ರೀಡರ್ ಪಿಡಿಎಫ್/ಎ ಕಡತ ತೆರೆದಾಗ ಮೇಲೆ ಒಂದು ನೀಲಿ ಪಟ್ಟಿ ತೋರಿಸುತ್ತದೆ. ಅದರಲ್ಲಿರುವುದು ಕಡತ ತನ್ನ ಬಗ್ಗೆ ತಾನೇ ಹೇಳಿಕೊಂಡ ಮಾತು, ಯಾರೂ ಪರೀಕ್ಷಿಸಿ ಕೊಟ್ಟ ಸರ್ಟಿಫಿಕೇಟ್ ಅಲ್ಲ. ನಿಜವಾದ ಪರೀಕ್ಷೆಗೆ ವೆರಾಪಿಡಿಎಫ್ ಎಂಬ ಉಚಿತ ತಂತ್ರಾಂಶವಿದೆ:

```
verapdf --flavour 2b --format text varadi-2004-a.pdf
```

`PASS` ಬಂದರೆ ಮೊದಲ ಹಂತ ಮುಗಿಯಿತು. ಎರಡನೆಯದು, ನುಡಿ ಫಾಂಟ್ ಇಲ್ಲದ ಬೇರೊಂದು ಕಂಪ್ಯೂಟರ್ ಅಥವಾ ಮೊಬೈಲಿನಲ್ಲಿ ತೆರೆದು ಕನ್ನಡ ಕಾಣುತ್ತದೆಯೇ ನೋಡುವುದು. ಮೂರನೆಯದು, ಪಠ್ಯದ ಒಂದು ಸಾಲನ್ನು ಕಾಪಿ ಮಾಡಿ ಬೇರೆಡೆ ಅಂಟಿಸಿ ಓದುವುದು.

ಈ ಮೂರನೆಯದಕ್ಕೆ ‘ಕಾರ್ಯದರ್ಶಿ’ಗಿಂತ ಒಳ್ಳೆಯ ಪದ ಸಿಗಲಿಕ್ಕಿಲ್ಲ. ಪ್ರತಿ ಸಂಘದ ವರದಿಯಲ್ಲೂ ಅದು ಇದ್ದೇ ಇರುತ್ತದೆ, ಅದರಲ್ಲಿ ಅರ್ಕಾವತ್ತು ಎರಡು ಸಲ ಬರುತ್ತದೆ. ಪುಟದ ಮೇಲೆ ಅರ್ಕಾವತ್ತು ಅಕ್ಷರದ ನಂತರ ಕೂರುತ್ತದೆ, ಯೂನಿಕೋಡಿನಲ್ಲಿ ‘ರ್’ ಮೊದಲು ಬರಬೇಕು. ಪಿಡಿಎಫ್ ತಯಾರಿಸಿದ ತಂತ್ರಾಂಶ ಇದನ್ನು ಸರಿಯಾಗಿ ನಿಭಾಯಿಸದಿದ್ದರೆ ಅಂಟಿಸಿದಾಗ ‘ಕಾಯರ್ದಶಿರ್’ ಎಂದು ಬರುತ್ತದೆ. ಯೂನಿಕೋಡಿನಲ್ಲೇ ಟೈಪ್ ಮಾಡಿದ ಹೊಸ ಕಡತಗಳೂ ಎಡವುವುದು ಇಲ್ಲೇ. ಹಾಗಾದರೆ ಬೇರೆ ತಂತ್ರಾಂಶದಿಂದ ಮತ್ತೆ ಎಕ್ಸ್‌ಪೋರ್ಟ್ ಮಾಡಿ ನೋಡಬೇಕು.

ಮುಟ್ಟಬಾರದ ಕಡತಗಳು

ಡಿಜಿಟಲ್ ಸಹಿ ಇರುವ ಪಿಡಿಎಫ್‌ಗಳನ್ನು ಪರಿವರ್ತಿಸಬಾರದು. ಪರಿವರ್ತನೆಯೆಂದರೆ ಕಡತವನ್ನು ಹೊಸದಾಗಿ ಬರೆಯುವುದು. ಬರೆದ ಕೂಡಲೇ ಹಳೆಯ ಸಹಿ ಅಸಿಂಧುವಾಗುತ್ತದೆ. ಪ್ರಿಂಟ್ ಕೊಟ್ಟು ಪಿಡಿಎಫ್ ಮಾಡಿದರೂ ಅಷ್ಟೇ, ಸಹಿಯ ಚಿತ್ರ ಉಳಿದು ಸಹಿ ಹೋಗುತ್ತದೆ. ಇಂಥವನ್ನು ಇದ್ದ ಹಾಗೆಯೇ ಇಟ್ಟು, ಬೇಕಿದ್ದರೆ ಪಕ್ಕದಲ್ಲಿ ಒಂದು ಪಿಡಿಎಫ್/ಎ ಪ್ರತಿ ಮಾಡಿಕೊಳ್ಳಬಹುದು. ಹೊಸ ದಾಖಲೆಯಾದರೆ ಮೊದಲು ಪಿಡಿಎಫ್/ಎ ಮಾಡಿ, ಆಮೇಲೆ ಸಹಿ ಹಾಕುವುದು ಸರಿಯಾದ ಕ್ರಮ.

ಸಂಘದ ಬೀರುವಿನಲ್ಲಿರುವ ಸಿಡಿ, ಪೆನ್‌ಡ್ರೈವ್‌ಗಳನ್ನೆಲ್ಲ ಒಂದೇ ಸಲ ಕೈಗೆತ್ತಿಕೊಳ್ಳಬೇಕಿಲ್ಲ. ಸ್ಕ್ಯಾನ್ ಪ್ರತಿಗಳು ಕಾಯಬಲ್ಲವು, ಇನ್ನೈದು ವರ್ಷ ಬಿಟ್ಟು ಓಸಿಆರ್ ಮಾಡಿದರೂ ಅವುಗಳಲ್ಲಿನ ಅಕ್ಷರ ಕಾಣುತ್ತಿರುತ್ತದೆ. ಫಾಂಟ್ ಅಡಕವಾಗಿರುವ ಪಿಡಿಎಫ್‌ಗಳಿಗೂ ಅವಸರವಿಲ್ಲ. ಮೊದಲ ಸರದಿ ವರ್ಡ್ ಮತ್ತು ಪೇಜ್‌ಮೇಕರ್‌ನ ಮೂಲ ಕಡತಗಳದು, ಫಾಂಟ್ ಅಡಕವಾಗಿರದ ಪಿಡಿಎಫ್‌ಗಳದು. ಅವುಗಳ ಕೆಲಸಕ್ಕೆ ಹಳೆಯ ತಂತ್ರಾಂಶ ಮತ್ತು ನುಡಿ ಎರಡೂ ಇರುವ ಕಂಪ್ಯೂಟರ್ ಬೇಕು. ಅಂಥದ್ದು ನಿಮ್ಮ ರಸ್ತೆಯ ಡಿಟಿಪಿ ಅಂಗಡಿಯಲ್ಲಿ ಇನ್ನೂ ಚಾಲೂ ಇದ್ದರೆ ಅದು ಗುಜರಿಗೆ ಹೋಗುವ ಮೊದಲೇ ಈ ಕಡತಗಳನ್ನು ಅಲ್ಲಿಗೆ ಒಯ್ಯಬೇಕು.