ಪ್ರಶ್ನಾ ಪ್ರತಿಕ್ರಿಯಾ ಸಿದ್ಧಾಂತ

ಪ್ರಶ್ನಾ ಪ್ರತಿಕ್ರಿಯಾ ಸಿದ್ಧಾಂತ (ಐಟಂ ರೆಸ್ಪಾನ್ಸ್ ಥಿಯರಿ, ಸಂಕ್ಷಿಪ್ತವಾಗಿ ಐಆರ್‌ಟಿ) ಎಂಬುದು ವಿದ್ಯಾರ್ಥಿಯ ಸಾಮರ್ಥ್ಯಕ್ಕೂ ಅವನು ಒಂದು ಪ್ರಶ್ನೆಗೆ ಸರಿಯುತ್ತರ ನೀಡುವ ಸಂಭವನೀಯತೆಗೂ ಇರುವ ಸಂಬಂಧವನ್ನು ಗಣಿತದ ಸೂತ್ರದಿಂದ ವಿವರಿಸುವ ಮಾಪನ ಪದ್ಧತಿ. ಡೆನ್ಮಾರ್ಕಿನ ಜಾರ್ಜ್ ರಾಷ್ ಮತ್ತು ಅಮೆರಿಕದ ಫ್ರೆಡರಿಕ್ ಲಾರ್ಡ್ ಇದರ ಪ್ರವರ್ತಕರಲ್ಲಿ ಪ್ರಮುಖರು. ಭಾರತದಲ್ಲಿ ಎನ್‌ಸಿಇಆರ್‌ಟಿಯು ಐದನೆಯ ತರಗತಿಯ ರಾಷ್ಟ್ರೀಯ ಸಾಧನಾ ಸಮೀಕ್ಷೆಯ ಮೂರನೆಯ ಆವೃತ್ತಿಯಲ್ಲಿ ಈ ಪದ್ಧತಿಯನ್ನು ಬಳಸಿ, ಸರಾಸರಿ 250 ಇರುವ ಮಾಪಕದಲ್ಲಿ ಫಲಿತಾಂಶಗಳನ್ನು ಪ್ರಕಟಿಸಿತು.

## ಹಿನ್ನೆಲೆ

ಸಾಂಪ್ರದಾಯಿಕ ವಿಶ್ಲೇಷಣೆಯಲ್ಲಿ ಪ್ರಶ್ನೆಯ ಕಠಿಣತೆಯನ್ನು ಸರಿಯುತ್ತರ ನೀಡಿದವರ ಶೇಕಡಾವಾರು ಪ್ರಮಾಣದಿಂದ ಅಳೆಯಲಾಗುತ್ತದೆ. ಈ ಅಳತೆ ಪರೀಕ್ಷೆ ಬರೆದ ಗುಂಪನ್ನು ಅವಲಂಬಿಸಿರುತ್ತದೆ. ಭಿನ್ನರಾಶಿಯ ಒಂದೇ ಪ್ರಶ್ನೆಗೆ ಒಂದು ಶಾಲೆಯಲ್ಲಿ ನೂರಕ್ಕೆ 73 ಮಂದಿ, ಇನ್ನೊಂದರಲ್ಲಿ 27 ಮಂದಿ ಸರಿಯುತ್ತರ ಬರೆಯಬಹುದು. ಆಗ ಪ್ರಶ್ನೆ ಒಂದೆಡೆ ಸುಲಭವೆಂದೂ ಇನ್ನೊಂದೆಡೆ ಕಠಿಣವೆಂದೂ ದಾಖಲಾಗುತ್ತದೆ. ಆದರೆ ಬದಲಾದದ್ದು ಪ್ರಶ್ನೆಯಲ್ಲ, ಮಕ್ಕಳ ಗುಂಪು. ಐಆರ್‌ಟಿಯು ಪ್ರಶ್ನೆಯ ಗುಣವನ್ನು ಗುಂಪಿನ ಸಾಮರ್ಥ್ಯದಿಂದ ಬೇರ್ಪಡಿಸಲು ಯತ್ನಿಸುತ್ತದೆ.

## ಎರಡು ನಿಯತಾಂಕಗಳ ಮಾದರಿ

```
P(θ) = 1 / (1 + e^(−a(θ − b)))
```

ಇಲ್ಲಿ `θ` ವಿದ್ಯಾರ್ಥಿಯ ಸಾಮರ್ಥ್ಯ. ಸಾಮಾನ್ಯವಾಗಿ ಗುಂಪಿನ ಸರಾಸರಿಯನ್ನು 0 ಎಂದು ಇಟ್ಟುಕೊಳ್ಳುವುದರಿಂದ ಹೆಚ್ಚಿನವರ ಬೆಲೆ −3 ಮತ್ತು +3ರ ನಡುವೆ ಇರುತ್ತದೆ. `b` ಎಂಬುದು ಕಠಿಣತೆ, ಅಂದರೆ ಸರಿಯುತ್ತರದ ಸಂಭವನೀಯತೆ ನಿಖರವಾಗಿ ಅರ್ಧವಾಗುವ ಸಾಮರ್ಥ್ಯದ ಮಟ್ಟ. `a` ಎಂಬುದು ವಿಭೇದನ ಶಕ್ತಿ. ಆ ಮಟ್ಟಕ್ಕಿಂತ ಕೆಳಗಿನವರನ್ನೂ ಮೇಲಿನವರನ್ನೂ ಪ್ರಶ್ನೆ ಎಷ್ಟು ಸ್ಪಷ್ಟವಾಗಿ ಬೇರ್ಪಡಿಸುತ್ತದೆ ಎಂಬುದನ್ನು ಇದು ತಿಳಿಸುತ್ತದೆ. `a` ಹೆಚ್ಚಿದಷ್ಟೂ ರೇಖೆ ಕಡಿದಾಗಿ ಏರುತ್ತದೆ.

ಎಲ್ಲ ಪ್ರಶ್ನೆಗಳ `a` ಸಮಾನವೆಂದು ಭಾವಿಸಿದರೆ ಅದು ರಾಷ್ ಮಾದರಿ. ಬಹು ಆಯ್ಕೆಯ ಪ್ರಶ್ನೆಗಳಲ್ಲಿ ಊಹಿಸಿ ಉತ್ತರಿಸುವ ಸಾಧ್ಯತೆಯನ್ನು ಲೆಕ್ಕಕ್ಕೆ ತರಲು ಮೂರನೆಯ ನಿಯತಾಂಕವನ್ನು ಸೇರಿಸಲಾಗುತ್ತದೆ.

## ಒಂದು ಉದಾಹರಣೆ

ಎರಡು ಪ್ರಶ್ನೆಗಳ ಕಠಿಣತೆ 0 ಆಗಿದ್ದು, ಮೊದಲನೆಯದರ ವಿಭೇದನ ಶಕ್ತಿ 0.5, ಎರಡನೆಯದರದು 2 ಎಂದು ಭಾವಿಸೋಣ.

| ಸಾಮರ್ಥ್ಯ | ಮೊದಲನೆಯ ಪ್ರಶ್ನೆ | ಎರಡನೆಯ ಪ್ರಶ್ನೆ |
|---|---|---|
| −1 | 0.38 | 0.12 |
| 0 | 0.50 | 0.50 |
| +1 | 0.62 | 0.88 |

ಸರಾಸರಿ ವಿದ್ಯಾರ್ಥಿಗೆ ಎರಡೂ ಸಮಾನ ಕಠಿಣ. ಆದರೆ ಮೊದಲನೆಯ ಪ್ರಶ್ನೆಗೆ ಸರಿಯುತ್ತರ ಬಂದರೂ ವಿದ್ಯಾರ್ಥಿ ಯಾವ ಮಟ್ಟದವನೆಂದು ಹೇಳುವುದು ಕಷ್ಟ. ಎರಡನೆಯದು ಇಬ್ಬರನ್ನು ಸ್ಪಷ್ಟವಾಗಿ ಬೇರ್ಪಡಿಸುತ್ತದೆ. ಒಂದು ಪ್ರಶ್ನೆ ನೀಡುವ ಮಾಹಿತಿಯ ಅಳತೆ `a² · P · (1 − P)`. ಸಾಮರ್ಥ್ಯ 0 ಇರುವಲ್ಲಿ ಇದು ಮೊದಲನೆಯದಕ್ಕೆ 0.0625, ಎರಡನೆಯದಕ್ಕೆ 1. ಅಂದರೆ ಅಲ್ಲಿ ಎರಡನೆಯ ಪ್ರಶ್ನೆಯೊಂದು ಮೊದಲನೆಯಂತಹ 16 ಪ್ರಶ್ನೆಗಳಿಗೆ ಸಮ. ಸಾಮರ್ಥ್ಯ +3 ಇರುವಲ್ಲಿ ಸ್ಥಿತಿ ತಿರುವುಮುರುವಾಗುತ್ತದೆ. ಎರಡನೆಯದಕ್ಕೆ ಬಹುತೇಕ ಎಲ್ಲರೂ ಸರಿಯುತ್ತರ ನೀಡುವುದರಿಂದ ಅದರ ಮಾಹಿತಿ 0.01ಕ್ಕೆ ಇಳಿದರೆ, ಮೊದಲನೆಯದರದು ಸುಮಾರು 0.04 ಇರುತ್ತದೆ. ಆದ್ದರಿಂದ ವಿಭೇದನ ಶಕ್ತಿ ಹೆಚ್ಚಿರುವ ಪ್ರಶ್ನೆಯೂ ತನ್ನ ಕಠಿಣತೆಯ ಆಸುಪಾಸಿನಲ್ಲಿ ಮಾತ್ರ ಉಪಯುಕ್ತ.

## ದೋಷಗಳನ್ನು ಗುರುತಿಸುವುದು

ಋಣಾತ್ಮಕ ವಿಭೇದನ. `a` ಸೊನ್ನೆಗಿಂತ ಕಡಿಮೆ ಬಂದರೆ, ಸಮರ್ಥರೇ ಹೆಚ್ಚಾಗಿ ತಪ್ಪುತ್ತಿದ್ದಾರೆ ಎಂದರ್ಥ. ಆಗ ಮೊದಲು ಪರಿಶೀಲಿಸಬೇಕಾದದ್ದು ಉತ್ತರ ಸೂಚಿ. ಅದು ಸರಿಯಿದ್ದರೆ ಎರಡು ಆಯ್ಕೆಗಳೂ ಸರಿಯಾಗಿರುವಂತೆ ಪ್ರಶ್ನೆ ಸಂದಿಗ್ಧವಾಗಿದೆಯೇ ಎಂದು ನೋಡಬೇಕು.

ಗುಂಪಿನಿಂದ ಗುಂಪಿಗೆ ಬೇರೆಯಾಗುವ ವರ್ತನೆ. ಸಮುದ್ರದ ಉಬ್ಬರವಿಳಿತವನ್ನು ಆಧರಿಸಿದ ಗಣಿತದ ಪ್ರಶ್ನೆಯೊಂದನ್ನು ಊಹಿಸಿಕೊಳ್ಳಬಹುದು. ಅರಬ್ಬೀ ಸಮುದ್ರದ ಸಮೀಪವಿರುವ ಉಡುಪಿ ಜಿಲ್ಲೆಯ ಸಾಲಿಗ್ರಾಮದ ಮಕ್ಕಳಿಗೆ ಅದು ಕಣ್ಣಾರೆ ಕಂಡ ಸಂಗತಿ. ಬಯಲುಸೀಮೆಯ ಮಕ್ಕಳಿಗೆ ಅದು ಪಠ್ಯಪುಸ್ತಕದ ಪದ. ಒಟ್ಟಾರೆ ಗಣಿತದ ಸಾಮರ್ಥ್ಯ ಸಮಾನವಾಗಿರುವ ಮಕ್ಕಳನ್ನೇ ಹೋಲಿಸಿದಾಗಲೂ ಒಂದೆಡೆ ಸರಿಯುತ್ತರಗಳು ಹೆಚ್ಚಾಗಿದ್ದರೆ, ಆ ಪ್ರಶ್ನೆ ಗಣಿತದ ಜೊತೆಗೆ ಕಡಲ ಪರಿಚಯವನ್ನೂ ಅಳೆಯುತ್ತಿದೆ ಎಂದು ತಿಳಿಯಬೇಕು. ಎರಡು ಊರುಗಳ ಒಟ್ಟು ಶೇಕಡಾವಾರು ಹೋಲಿಕೆ ಮಾತ್ರ ಇದನ್ನು ತೋರಿಸಲಾರದು. ಏಕೆಂದರೆ ಅಲ್ಲಿ ಗುಂಪುಗಳ ಸಾಮರ್ಥ್ಯದ ವ್ಯತ್ಯಾಸವೂ ಬೆರೆತಿರುತ್ತದೆ.

## ಮಿತಿಗಳು

ಪ್ರಶ್ನೆಪತ್ರಿಕೆ ಮುಖ್ಯವಾಗಿ ಒಂದೇ ಸಾಮರ್ಥ್ಯವನ್ನು ಅಳೆಯುತ್ತದೆ ಎಂದೂ, ಸಾಮರ್ಥ್ಯವನ್ನು ಗಣನೆಗೆ ತೆಗೆದುಕೊಂಡ ಮೇಲೆ ಒಂದು ಉತ್ತರ ಇನ್ನೊಂದನ್ನು ಅವಲಂಬಿಸುವುದಿಲ್ಲವೆಂದೂ ಈ ಮಾದರಿ ಭಾವಿಸುತ್ತದೆ. ಒಂದೇ ಗದ್ಯಭಾಗದ ಮೇಲಿನ ಐದು ಪ್ರಶ್ನೆಗಳು ಈ ನಿಯಮವನ್ನು ಮುರಿಯಬಹುದು. ಆಗ ಪರೀಕ್ಷೆ ವಾಸ್ತವಕ್ಕಿಂತ ಹೆಚ್ಚು ನಿಖರವೆಂಬ ಭ್ರಮೆ ಉಂಟಾಗುತ್ತದೆ.

ಎರಡು ನಿಯತಾಂಕಗಳ ಮಾದರಿಗೆ ಸಾಮಾನ್ಯವಾಗಿ ಕೆಲವು ನೂರು ವಿದ್ಯಾರ್ಥಿಗಳ ಉತ್ತರಗಳು ಬೇಕು. ನಲವತ್ತು ಮಕ್ಕಳ ಒಂದು ತರಗತಿಯಿಂದ ಪಡೆದ `a` ಮತ್ತು `b` ಬೆಲೆಗಳು ವಿಶ್ವಾಸಾರ್ಹವಲ್ಲ. ಬೇರೆ ಬೇರೆ ಗುಂಪುಗಳಲ್ಲಿ ಪಡೆದ ಬೆಲೆಗಳನ್ನು ಹೋಲಿಸಲು ಎರಡೂ ಪತ್ರಿಕೆಗಳಲ್ಲಿ ಕೆಲವು ಸಮಾನ ಪ್ರಶ್ನೆಗಳನ್ನು ಇರಿಸಿ, ಅವುಗಳ ಮೂಲಕ ಮಾಪಕಗಳನ್ನು ಜೋಡಿಸುವುದು ರೂಢಿ. ಇಂತಹ ಕೊಂಡಿಯಿಲ್ಲದಿದ್ದರೆ ಪ್ರತಿ ಗುಂಪಿನ ಸೊನ್ನೆಯೂ ಆಯಾ ಗುಂಪಿನ ಸರಾಸರಿಯೇ ಆಗಿ, ಕಠಿಣತೆಯ ಬೆಲೆಗಳು ಮತ್ತೆ ಗುಂಪಿಗೆ ತಕ್ಕಂತೆ ಬದಲಾಗುತ್ತವೆ.