ನಡುಕ ನಿಂತಿತು, ಅಂಚು ಹೋಯಿತು

ಕೈಯಲ್ಲಿ ಹಿಡಿದು ತೆಗೆದ ವಿಡಿಯೋದ ನಡುಕವನ್ನು ಎಡಿಟಿಂಗ್ ಸಾಫ್ಟ್‌ವೇರ್ ನಿಲ್ಲಿಸುವ ಬಗೆ ಸರಳ. ಕ್ಯಾಮೆರಾ ಎಡಕ್ಕೆ ವಾಲಿದ ಫ್ರೇಮನ್ನು ಅದು ಅಷ್ಟೇ ದೂರ ಎಡಕ್ಕೇ ಸರಿಸುತ್ತದೆ. ಸರಿಸಿದಾಗ ಒಂದು ಅಂಚಿನಲ್ಲಿ ಕಪ್ಪು ಪಟ್ಟಿ ತೆರೆದುಕೊಳ್ಳುತ್ತದೆ. ಅದನ್ನು ಮರೆಮಾಡಲು ಇಡೀ ಚಿತ್ರವನ್ನು ಹಿಗ್ಗಿಸಬೇಕು.

1920×1080 ಅಳತೆಯ ಮದುವೆ ಮೆರವಣಿಗೆಯ ವಿಡಿಯೋವೊಂದನ್ನು ಶೇ. 110ಕ್ಕೆ ಹಿಗ್ಗಿಸಿದರೆ, ಮೂಲದಲ್ಲಿ ಉಳಿಯುವುದು ಸುಮಾರು 1745×982 ಪಿಕ್ಸೆಲ್. ಅಂದರೆ ಚಿತ್ರದ ಆರನೇ ಒಂದು ಪಾಲಿಗಿಂತ ಹೆಚ್ಚು ಹೋಯಿತು. ಅಂಚಿನಲ್ಲಿ ನಿಂತಿದ್ದ ಅಜ್ಜಿಯೂ ಹೋಗಬಹುದು. ಉಳಿದದ್ದನ್ನೇ ಎಳೆದು ತುಂಬಿಸುವುದರಿಂದ ಸೀರೆಯ ಜರಿ ಮಸುಕಾಗುತ್ತದೆ. 4ಕೆಯಲ್ಲಿ ತೆಗೆದು 1080ಕ್ಕೆ ಇಳಿಸುವವರಿಗೆ ಈ ನಷ್ಟ ತಟ್ಟುವುದಿಲ್ಲ, ಪಿಕ್ಸೆಲ್‌ಗಳು ಸಾಕಷ್ಟು ಮಿಗುತ್ತವೆ. ಆದರೂ ಅಂಚು ಹೋಗುವುದು ತಪ್ಪದು, ಆದ್ದರಿಂದ ಸುತ್ತ ಜಾಗ ಬಿಟ್ಟೇ ತೆಗೆಯಬೇಕು.

ಇನ್ನೊಂದು ತೊಂದರೆಗೆ ಪಿಕ್ಸೆಲ್ ಹೆಚ್ಚಿದ್ದರೂ ಮದ್ದಿಲ್ಲ. ಶಟರ್ ತೆರೆದಿದ್ದ ಸೆಕೆಂಡಿನ 50ನೇ ಒಂದು ಭಾಗದಲ್ಲಿ ಕೈ ಅಲುಗಿದ್ದರೆ ಆ ಫ್ರೇಮೇ ಕಲಸಿರುತ್ತದೆ. ಸಾಫ್ಟ್‌ವೇರ್ ಅದನ್ನು ಸರಿಸುತ್ತದೆಯೇ ಹೊರತು ತಿಳಿಯಾಗಿಸುವುದಿಲ್ಲ. ಸ್ಥಿರವಾದ ದೃಶ್ಯದಲ್ಲಿ ಮುಖಗಳು ಆಗಾಗ ಮಂಜಾಗಿ ಮತ್ತೆ ಸ್ಪಷ್ಟವಾಗುತ್ತಿದ್ದರೆ ಕಾರಣ ಇದೇ. ಬೆಳಕು ಚೆನ್ನಾಗಿದ್ದಾಗ ಶಟರನ್ನು 1/200ಕ್ಕೆ ಏರಿಸಿ ತೆಗೆಯುವುದು ನನಗೆ ಹೆಚ್ಚು ಸರಿ ಕಾಣುತ್ತದೆ. ಸಂಜೆಯ ಮಂದ ಬೆಳಕಿಗೆ ಆ ಉಪಾಯ ನಡೆಯದು, ಆಗ ಟ್ರೈಪಾಡೇ ಗತಿ.