ಬಿಡ್ ಹಾಕುವ ಮುನ್ನ ಸಿಗುವ ನಾಲ್ಕು ದಿನ

ಸರ್ಕಾರಿ ಕಚೇರಿಗಳಿಗೆ ಕಪಾಟು, ಕುರ್ಚಿ, ಪ್ರಿಂಟರ್ ಮಾರುವ ಸಣ್ಣ ಉದ್ಯಮಿಗಳಲ್ಲಿ ಬಹಳಷ್ಟು ಜನ ಈಗ ಜೆಮ್ ಪೋರ್ಟಲ್ ಮೂಲಕವೇ ವ್ಯವಹಾರ ಮಾಡುತ್ತಾರೆ. ಕೇಂದ್ರ ಸರ್ಕಾರ 2016ರಲ್ಲಿ ಆರಂಭಿಸಿದ ಈ ಆನ್‌ಲೈನ್ ಮಾರುಕಟ್ಟೆಯ ಬಿಡ್ ದಾಖಲೆಗಳಲ್ಲಿ ಕೊನೆಗೆ ಡಿಸ್‌ಕ್ಲೇಮರ್ ಎಂಬ ಭಾಗವೊಂದು ಬರುತ್ತದೆ. ಅದನ್ನು ಓದುವವರು ಕಡಿಮೆ. ಮಾರಾಟಗಾರನಿಗೆ ಸಿಗುವ ಬಹುದೊಡ್ಡ ಹಕ್ಕು ಇರುವುದು ಅಲ್ಲೇ: ಬಿಡ್ ಪ್ರಕಟವಾದ ನಾಲ್ಕು ದಿನಗಳೊಳಗೆ ಯಾವುದೇ ಷರತ್ತಿನ ಬಗ್ಗೆ ರೆಪ್ರೆಸೆಂಟೇಶನ್ ಎಂಬ ಕಿಂಡಿಯಲ್ಲಿ ಆಕ್ಷೇಪಣೆ ಸಲ್ಲಿಸಬಹುದು. ಖರೀದಿದಾರ ಅದಕ್ಕೆ ಉತ್ತರ ಕೊಡಲೇಬೇಕು. ಕೊಡದಿದ್ದರೆ ಬಿಡ್‌ಗಳನ್ನು ತೆರೆಯುವುದಕ್ಕೇ ಪೋರ್ಟಲ್ ಅವನಿಗೆ ಬಿಡುವುದಿಲ್ಲ.

ಹೆಚ್ಚಿನವರು ಬಿಡ್ ಕಣ್ಣಿಗೆ ಬಿದ್ದ ಕೂಡಲೇ ಕೊನೆಯ ದಿನಾಂಕ ನೋಡಿಕೊಂಡು, ಇನ್ನೂ ಹತ್ತು ದಿನ ಇದೆಯಲ್ಲ ಎಂದು ಪಕ್ಕಕ್ಕಿಡುತ್ತಾರೆ. ದಾಖಲೆಯನ್ನು ಪೂರ್ತಿ ಓದುವುದು ಕೊನೆಯ ಎರಡು ದಿನಗಳಲ್ಲಿ. ಗೊಂದಲ ಕಾಣಿಸುವುದೂ ಆಗಲೇ. ಅಷ್ಟರಲ್ಲಿ ಕೇಳುವ ಕಿಂಡಿ ಮುಚ್ಚಿರುತ್ತದೆ. ಶುಕ್ರವಾರ ಸಂಜೆ ಪ್ರಕಟವಾದ ಬಿಡ್ ಆದರಂತೂ ಶನಿವಾರ, ಭಾನುವಾರಗಳು ಆ ನಾಲ್ಕು ದಿನಗಳಲ್ಲೇ ಕಳೆದುಹೋಗುತ್ತವೆ. ಹಾಗಾಗಿ ಬಿಡ್‌ನ ಮೊದಲ ದಿನವೇ ಅದರ ಅತಿ ಮುಖ್ಯ ದಿನ ಎಂದು ನಾನು ನಂಬುತ್ತೇನೆ.

ಒಂದು ಉದಾಹರಣೆಯನ್ನು ಲೆಕ್ಕ ಸಮೇತ ನೋಡೋಣ. ಹುಬ್ಬಳ್ಳಿಯಲ್ಲಿ ಸ್ಟೀಲ್ ಕಪಾಟು ಮಾಡುವ ಒಂದು ವರ್ಕ್‌ಶಾಪ್ ಇದೆ ಎಂದುಕೊಳ್ಳಿ. ಕೇಂದ್ರ ಸರ್ಕಾರದ ಸಂಸ್ಥೆಯೊಂದು ತನ್ನ ಹಾಸ್ಟೆಲ್‌ಗೆ 60 ಕಪಾಟು ಬೇಕೆಂದು ಬಿಡ್ ಕರೆದಿದೆ. ಪೋರ್ಟಲ್‌ನ ವಿವರಪಟ್ಟಿಯಲ್ಲಿ ತಗಡಿನ ದಪ್ಪ 0.8 ಮಿಲಿಮೀಟರ್ ಎಂದಿದೆ. ಸಂಸ್ಥೆ ಪ್ರತ್ಯೇಕವಾಗಿ ಅಪ್‌ಲೋಡ್ ಮಾಡಿರುವ ಪಿಡಿಎಫ್‌ನಲ್ಲಿ '20 ಗೇಜ್' ಎಂದಿದೆ. ನಮ್ಮ ಅಂಗಡಿಗಳಲ್ಲಿ ಬಳಕೆಯಲ್ಲಿರುವ ಎಸ್‌ಡಬ್ಲ್ಯೂಜಿ ಅಳತೆಯಲ್ಲಿ 20 ಗೇಜ್ ಎಂದರೆ ಸುಮಾರು 0.91 ಮಿಲಿಮೀಟರ್. ಎರಡರ ನಡುವಿನ ಅಂತರ ಕೂದಲೆಳೆಯಷ್ಟು.

ಆರೂವರೆ ಅಡಿ ಎತ್ತರ, ಮೂರು ಅಡಿ ಅಗಲದ, ನಾಲ್ಕು ಖಾನೆ ಹಲಗೆಯ ಮಾಮೂಲಿ ಕಪಾಟಿಗೆ ಎಂಟು ಚದರ ಮೀಟರ್‌ನಷ್ಟು ತಗಡು ಬೇಕು. ಒಂದು ಮಿಲಿಮೀಟರ್ ದಪ್ಪದ ತಗಡು ಚದರ ಮೀಟರ್‌ಗೆ ಏಳೂಮುಕ್ಕಾಲು ಕಿಲೋಗಿಂತ ಸ್ವಲ್ಪ ಹೆಚ್ಚು ತೂಗುತ್ತದೆ. ಆ ಪ್ರಕಾರ ಕೂದಲೆಳೆಯ ಅಂತರಕ್ಕೆ ಪ್ರತಿ ಕಪಾಟಿಗೂ ಸುಮಾರು ಏಳು ಕಿಲೋ ಉಕ್ಕು ಹೆಚ್ಚು ಹೋಗುತ್ತದೆ. 60 ಕಪಾಟಿಗೆ 420 ಕಿಲೋ. ಕಿಲೋಗೆ 70 ರೂಪಾಯಿ ಎಂದು ಹಿಡಿದರೂ 29,400 ರೂಪಾಯಿ. ಕಡಿಮೆ ದರದವನಿಗೇ ಆರ್ಡರ್ ಸಿಗುವ ಸ್ಪರ್ಧೆಯಲ್ಲಿ ಇಷ್ಟು ಸಾಕು. 0.8ಕ್ಕೆ ದರ ಹಾಕಿ ಗೆದ್ದರೆ, ಮಾಲು ಇಳಿಸುವಾಗ ತಪಾಸಣೆ ಅಧಿಕಾರಿ ಮೈಕ್ರೋಮೀಟರ್ ಹಿಡಿದು 20 ಗೇಜ್ ಎಲ್ಲಿ ಎಂದು ಕೇಳಬಹುದು. 20 ಗೇಜ್‌ಗೆ ದರ ಹಾಕಿದರೆ ಪಕ್ಕದವನು 0.8ಕ್ಕೆ ಹಾಕಿ ಆರ್ಡರ್ ಕೊಂಡೊಯ್ಯಬಹುದು.

ಇಂಥ ಕಡೆ ಕೆಲವರು ಒಂದು ಉಪಾಯ ಮಾಡುತ್ತಾರೆ: '0.8 ಎಂದು ಭಾವಿಸಿ ದರ ನಮೂದಿಸಿದ್ದೇವೆ' ಎಂಬ ಪತ್ರವನ್ನು ಬಿಡ್ ಜೊತೆ ಲಗತ್ತಿಸುತ್ತಾರೆ. ಇದು ಅಪಾಯ. ಷರತ್ತು ಹಾಕಿದ ಬಿಡ್ ಎಂದು ಅದನ್ನು ತಿರಸ್ಕರಿಸಲು ಖರೀದಿದಾರನಿಗೆ ದಾರಿ ಸಿಗುತ್ತದೆ. ತಾಂತ್ರಿಕ ಮೌಲ್ಯಮಾಪನದ ಹೊತ್ತಿಗೆ ಸ್ಪಷ್ಟನೆಗೆ ಅವಕಾಶ ಇದೆಯಲ್ಲ ಎಂದು ನಂಬಿ ಕೂರುವವರೂ ಇದ್ದಾರೆ. ಆ ಹಂತದಲ್ಲಿ ಪ್ರಶ್ನೆ ಕೇಳುವವನು ಖರೀದಿದಾರ, ಉತ್ತರಿಸಬೇಕಾದವರು ನೀವು. ಬಿಟ್ಟುಹೋದ ದಾಖಲೆ ಕೊಡಬಹುದೇ ಹೊರತು ದರವನ್ನು ಮುಟ್ಟುವಂತಿಲ್ಲ.

ಆದ್ದರಿಂದ ಕೇಳಬೇಕಾದ್ದನ್ನು ಮೊದಲೇ ಕೇಳಬೇಕು, ಒಂದೇ ಓದಿಗೆ ಅರ್ಥವಾಗುವಂತೆ ಕೇಳಬೇಕು. 'ಸ್ಪೆಸಿಫಿಕೇಶನ್ ಗೊಂದಲವಾಗಿದೆ, ದಯವಿಟ್ಟು ಸ್ಪಷ್ಟಪಡಿಸಿ' ಎಂದು ಬರೆದರೆ 'ಬಿಡ್ ದಾಖಲೆಯಲ್ಲಿರುವಂತೆ' ಎಂಬ ಒಂದು ಸಾಲಿನ ಉತ್ತರ ಬರುತ್ತದೆ. ಅದರ ಬದಲು ಹೀಗೆ ಬರೆಯಬಹುದು: 'ಬಿಡ್ ದಾಖಲೆಯ ವಿವರಪಟ್ಟಿಯಲ್ಲಿ ತಗಡಿನ ದಪ್ಪ 0.8 ಮಿ.ಮೀ. ಎಂದಿದೆ. ಲಗತ್ತಿಸಿರುವ ಪಿಡಿಎಫ್‌ನ 3ನೇ ಪುಟ, 2ನೇ ಅಂಶದಲ್ಲಿ 20 ಗೇಜ್, ಅಂದರೆ 0.91 ಮಿ.ಮೀ. ಎಂದಿದೆ. ಇವೆರಡರಲ್ಲಿ ಯಾವುದು ಅನ್ವಯ? ಎಲ್ಲರೂ ಒಂದೇ ಆಧಾರದ ಮೇಲೆ ದರ ನಮೂದಿಸುವಂತೆ ತಿದ್ದುಪಡಿ ಹೊರಡಿಸಲು ಕೋರಿಕೆ.' ಪುಟ, ಅಂಶ, ಎರಡು ಆಯ್ಕೆ, ಒಂದು ಕೋರಿಕೆ. ಇಷ್ಟಿದ್ದರೆ ಅಧಿಕಾರಿಗೂ ಫೈಲಿನಲ್ಲಿ ಟಿಪ್ಪಣಿ ಹಾಕಲು ಸುಲಭ.

ಅದೇ ಪಿಡಿಎಫ್‌ನಲ್ಲಿ 'ಕೇಂದ್ರೀಯ ವಿಶ್ವವಿದ್ಯಾಲಯಗಳಿಗೆ ಪೂರೈಸಿದ ಅನುಭವ ಇರುವವರು ಮಾತ್ರ' ಎಂಬ ಸಾಲೂ ಇದೆ ಎನ್ನಿ. ಇಲ್ಲಿ ಕೇಳುವ ಧಾಟಿ ಬೇರೆಯಾಗಬೇಕು. ನಿರ್ದಿಷ್ಟ ಸಂಸ್ಥೆಗಳ ಅನುಭವವನ್ನೇ ಕೇಳುವುದು, ಒಂದೇ ಬ್ರ್ಯಾಂಡನ್ನು ಕಡ್ಡಾಯ ಮಾಡುವುದು, ಭಾರತೀಯ ಮಾನದಂಡ ಇದ್ದರೂ ಅದಕ್ಕೆ ಸಮಾನವಾದದ್ದನ್ನು ಸೂಚಿಸದೆ ವಿದೇಶಿ ಪ್ರಮಾಣಪತ್ರವನ್ನೇ ಕೇಳುವುದು, ಇವೆಲ್ಲ ಅಸಿಂಧು ಎಂದು ಆ ಡಿಸ್‌ಕ್ಲೇಮರ್‌ನಲ್ಲೇ ಪಟ್ಟಿ ಇರುತ್ತದೆ. ಹಾಗಾಗಿ ಸಡಿಲಿಸಿ ಎಂದು ಬೇಡುವ ಅಗತ್ಯವಿಲ್ಲ. ಪಟ್ಟಿಯ ಆ ಅಂಶವನ್ನು ಉಲ್ಲೇಖಿಸಿ, ಷರತ್ತನ್ನು ಕೈಬಿಡಿ ಎಂದು ನೇರವಾಗಿ ಬರೆಯಬಹುದು. ಗೆರೆ ಎಳೆದು ಎರಡು ಪ್ರಶ್ನೆಗಳನ್ನೂ ಬೇರೆ ಬೇರೆ ಇಡುವುದು ಒಳ್ಳೆಯದು. ಒಂದೇ ಪ್ಯಾರಾದಲ್ಲಿ ಬೆರೆಸಿದರೆ ಸುಲಭದ್ದಕ್ಕೆ ಮಾತ್ರ ಉತ್ತರ ಬರುತ್ತದೆ.

ಇನ್ನು ಗಡುವಿನ ವಿಚಾರ. ಬಿಡ್ ದಾಖಲೆಯ ಮೊದಲ ಪುಟಗಳಲ್ಲಿ ಸ್ವಯಂಚಾಲಿತ ವಿಸ್ತರಣೆಯ ಬಗ್ಗೆ ಮೂರು ಸಾಲು ಇರುತ್ತವೆ: ವಿಸ್ತರಣೆ ಆಗದಿರಲು ಕನಿಷ್ಠ ಎಷ್ಟು ಬಿಡ್ ಬರಬೇಕು, ಎಷ್ಟು ದಿನಕ್ಕೆ ವಿಸ್ತರಣೆ, ಎಷ್ಟು ಸಲ. 3, 7, 1 ಎಂದಿದ್ದರೆ, ಕೊನೆಯ ಗಳಿಗೆಗೆ ಮೂರಕ್ಕಿಂತ ಕಡಿಮೆ ಬಿಡ್ ಬಂದಿದ್ದಾಗ ಮಾತ್ರ ಒಂದು ಸಲ ಏಳು ದಿನ ಮುಂದೆ ಹೋಗುತ್ತದೆ. ಎಷ್ಟು ಜನ ಹಾಕಿದ್ದಾರೆ ಎನ್ನುವುದು ಮಾರಾಟಗಾರನಿಗೆ ತಿಳಿಯದು. ಅದನ್ನು ನಂಬಿ ಕಾಯುವುದು ಬೇಡ.

ನಿಜವಾಗಿಯೂ ಸಮಯ ಬೇಕಿದ್ದರೆ ಕಾರಣ ಖರೀದಿದಾರನ ಕಡೆಯದಾಗಿರಬೇಕು, ಇಲ್ಲವೇ ಎಲ್ಲ ಸ್ಪರ್ಧಿಗಳಿಗೂ ಅನ್ವಯಿಸುವಂಥದ್ದಾಗಿರಬೇಕು. 'ನಮ್ಮ ಅಕೌಂಟೆಂಟ್ ರಜೆಯಲ್ಲಿದ್ದಾರೆ' ಎಂದರೆ ಯಾವ ಅಧಿಕಾರಿಯೂ ಗಡುವು ಮುಂದೂಡಲಾರ. ಒಬ್ಬರಿಗಾಗಿ ಮುಂದೂಡಿದ ಎಂದು ಆಡಿಟ್‌ನಲ್ಲಿ ಉತ್ತರ ಹೇಳಬೇಕಾದವನು ಅವನೇ. ಆದರೆ 'ತಗಡಿನ ದಪ್ಪದ ತಿದ್ದುಪಡಿ 12ನೇ ತಾರೀಕು ಬಂದಿದೆ, ಬಿಡ್ 14ಕ್ಕೆ ಮುಗಿಯುತ್ತದೆ, ಹೊಸ ದಪ್ಪದ ತಗಡಿಗೆ ಪರೀಕ್ಷಾ ವರದಿ ಪಡೆಯಲು ಪ್ರಯೋಗಾಲಯಕ್ಕೆ ಐದು ದಿನ ಬೇಕು, ಆದ್ದರಿಂದ 20ರವರೆಗೆ ವಿಸ್ತರಿಸಿ' ಎಂದು ಬರೆದರೆ ಅದು ನ್ಯಾಯವಾದ ಕೋರಿಕೆ. ಎಷ್ಟು ದಿನ ಎಂದು ಹೇಳಿ, ಆ ದಿನಗಳ ಲೆಕ್ಕವನ್ನೂ ಕೊಡಬೇಕು.

ಫೋನಿನಲ್ಲಿ ಸಿಕ್ಕ ಭರವಸೆಗೆ ಬೆಲೆ ಇಲ್ಲ. 'ಹಾಕಿ ಸರ್, ನೋಡ್ಕೊಳ್ಳೋಣ' ಎಂದವರು ಮೌಲ್ಯಮಾಪನ ಸಮಿತಿಯಲ್ಲಿ ಇಲ್ಲದೆಯೂ ಇರಬಹುದು. ತಿದ್ದುಪಡಿ ಎಂದರೆ ಪೋರ್ಟಲ್‌ನಲ್ಲಿ ಎಲ್ಲರಿಗೂ ಕಾಣುವಂತೆ ಪ್ರಕಟವಾದ ಕೊರಿಜೆಂಡಮ್ ಮಾತ್ರ. ಅದು ಬಂದ ಮೇಲೆ, ಆಗಲೇ ಬಿಡ್ ಹಾಕಿ ಮುಗಿಸಿದವರೂ ಮತ್ತೆ ತೆರೆದು ದರ ಮತ್ತು ಲಗತ್ತುಗಳನ್ನು ತಾಳೆ ನೋಡಬೇಕು.

ಕೇಳಿದ ಮೇಲೂ 'ಬಿಡ್ ದಾಖಲೆಯಲ್ಲಿರುವಂತೆ' ಎಂದಷ್ಟೇ ಉತ್ತರ ಬಂದರೆ ಹುಬ್ಬಳ್ಳಿಯ ವರ್ಕ್‌ಶಾಪ್ ಏನು ಮಾಡಬೇಕು? ಜಾಸ್ತಿ ದಪ್ಪಕ್ಕೇ ದರ ಹಾಕಬೇಕು, ಇಲ್ಲವೇ ಬಿಡ್ ಕೈಬಿಡಬೇಕು. ಪ್ರಶ್ನೆ ಮತ್ತು ಉತ್ತರ ಎರಡನ್ನೂ ಪಿಡಿಎಫ್ ಮಾಡಿ ಇಟ್ಟುಕೊಳ್ಳಬೇಕು. 0.8ಕ್ಕೆ ದರ ಹಾಕಿದ ಬೇರೊಬ್ಬರಿಗೆ ಆರ್ಡರ್ ಹೋದರೆ ದೂರು ಕೊಡಲು ಇರುವ ಆಧಾರ ಅದೊಂದೇ. ಮೊದಲು ತುಟಿ ಬಿಚ್ಚದೆ ಸೋತ ಮೇಲೆ ಷರತ್ತು ಸರಿಯಿರಲಿಲ್ಲ ಎಂದವರ ಮಾತಿಗೆ ಖರೀದಿದಾರನ ಬಳಿಯಾಗಲಿ ಕೋರ್ಟಿನಲ್ಲಾಗಲಿ ಬಲ ಬಹಳ ಕಡಿಮೆ.